ಐದು ಬಂದಾಗ ಎತ್ತ ಹೋಗಬೇಕು?

ಸಂಖ್ಯೆಗಳನ್ನು ಸಮೀಪದ ಹತ್ತಕ್ಕೆ ಸರಿಹೊಂದಿಸುವುದನ್ನು ನೀವು ಗಣಿತದ ತರಗತಿಯಲ್ಲಿ ಕಲಿತಿದ್ದೀರಿ. 43 ಎಂಬ ಸಂಖ್ಯೆಗೆ 40 ಹತ್ತಿರ, ಆದ್ದರಿಂದ ಅದನ್ನು 40 ಎನ್ನುತ್ತೇವೆ. 47ಕ್ಕೆ 50 ಹತ್ತಿರ, ಆದ್ದರಿಂದ ಅದನ್ನು 50 ಎನ್ನುತ್ತೇವೆ. ಅಂಗಡಿಯ ಬಿಲ್ಲಿನಲ್ಲಿ ‘ರೌಂಡಾಫ್’ ಎಂದು ಬರೆದಿರುವುದೂ ಇದೇ ಕೆಲಸ.

ಈಗ 45ನ್ನು ನೋಡಿ. ಇದನ್ನು ಯಾವುದಕ್ಕೆ ಸರಿಹೊಂದಿಸಬೇಕು? ತರಗತಿಯಲ್ಲಿ ಕೇಳಿದರೆ ಎಲ್ಲರೂ ಒಂದೇ ದನಿಯಲ್ಲಿ 50 ಎನ್ನುತ್ತಾರೆ. ಆದರೆ ಸಂಖ್ಯಾರೇಖೆ ಎಳೆದು 45ರ ಮೇಲೆ ಬೆರಳಿಟ್ಟು ಯೋಚಿಸಿ. ಅಲ್ಲಿಂದ 40ಕ್ಕೆ ಐದು ಹೆಜ್ಜೆ, 50ಕ್ಕೂ ಐದೇ ಹೆಜ್ಜೆ. ಅದು ನಟ್ಟನಡುವಿನ ಸಂಖ್ಯೆ. ಸಮೀಪ ಎನ್ನುವ ಮಾತಿಗೆ ಇಲ್ಲಿ ಅರ್ಥವೇ ಇಲ್ಲ. 50 ಎನ್ನುವುದು ನಾವು ಮಾಡಿಕೊಂಡ ಒಪ್ಪಂದ ಮಾತ್ರ. ‘ಐದು ಬಂದರೆ ಮೇಲಕ್ಕೆ’ ಎಂಬುದು ಆ ಒಪ್ಪಂದ.

ಒಂದೇ ಒಂದು ಸಂಖ್ಯೆ ಇದ್ದಾಗ ಈ ಒಪ್ಪಂದದಿಂದ ತೊಂದರೆ ಇಲ್ಲ. ಆದರೆ ನೂರಾರು ಸಂಖ್ಯೆಗಳನ್ನು ಹೀಗೆ ಸರಿಹೊಂದಿಸಿ, ಆಮೇಲೆ ಎಲ್ಲವನ್ನೂ ಕೂಡಿದರೆ ಮೊತ್ತ ಯಾವಾಗಲೂ ಒಂದೇ ಕಡೆಗೆ, ಅಂದರೆ ಹೆಚ್ಚಿನ ಕಡೆಗೆ ವಾಲುತ್ತದೆ. ಅಂಗಡಿಯ ತಕ್ಕಡಿಯ ಒಂದು ತಟ್ಟೆಗೆ ಹುಣಸೆಹಣ್ಣು ಅಂಟಿಕೊಂಡಿದ್ದರೆ ಹೇಗೋ ಹಾಗೆ. ಒಂದು ಸಲದ ತೂಕದಲ್ಲಿ ಅದು ಕಾಣುವುದಿಲ್ಲ, ವರ್ಷದ ಲೆಕ್ಕದಲ್ಲಿ ಕಾಣುತ್ತದೆ. ಇದು ಏಕೆ ಆಗುತ್ತದೆ, ಇದನ್ನು ತಪ್ಪಿಸಲು ಯಾವ ನಿಯಮವಿದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಐದಕ್ಕೆ ಜೊತೆಗಾರನಿಲ್ಲ

40ರಿಂದ 49ರವರೆಗಿನ ಹತ್ತು ಸಂಖ್ಯೆಗಳನ್ನು ತೆಗೆದುಕೊಳ್ಳಿ. ಅವನ್ನು ಸಮೀಪದ ಹತ್ತಕ್ಕೆ ಸರಿಹೊಂದಿಸಿದಾಗ ಪ್ರತಿಯೊಂದರಲ್ಲೂ ಎಷ್ಟು ವ್ಯತ್ಯಾಸವಾಯಿತು ಎಂದು ಬರೆಯಿರಿ.

41, 42, 43, 44 ಇವು 40 ಆಗುತ್ತವೆ. ಇವುಗಳಲ್ಲಿ ಕ್ರಮವಾಗಿ 1, 2, 3, 4 ಕಡಿಮೆಯಾಯಿತು. ಒಟ್ಟು 10 ಕಡಿಮೆ.

46, 47, 48, 49 ಇವು 50 ಆಗುತ್ತವೆ. ಇವುಗಳಲ್ಲಿ ಕ್ರಮವಾಗಿ 4, 3, 2, 1 ಹೆಚ್ಚಾಯಿತು. ಒಟ್ಟು 10 ಹೆಚ್ಚು.

ಎಷ್ಟು ಅಂದವಾಗಿದೆ ನೋಡಿ! 41ರಲ್ಲಿ ಕಳೆದುಕೊಂಡ ಒಂದನ್ನು 49 ಮರಳಿ ಕೊಡುತ್ತದೆ. 42ರ ನಷ್ಟವನ್ನು 48 ತುಂಬುತ್ತದೆ. 43ಕ್ಕೆ 47 ಜೊತೆ, 44ಕ್ಕೆ 46 ಜೊತೆ. ಉಳಿದವು ಎರಡೇ, 40 ಮತ್ತು 45. ಇವುಗಳಲ್ಲಿ 40 ಈಗಾಗಲೇ ಹತ್ತರ ಗುಣಕ. ಅದು ಕದಲುವುದೇ ಇಲ್ಲ, ಅದರ ವ್ಯತ್ಯಾಸ ಸೊನ್ನೆ. ಕೊನೆಗೆ 45 ಒಂಟಿಯಾಗಿ ಉಳಿಯುತ್ತದೆ. ಅದನ್ನು 50 ಮಾಡಿದರೆ 5 ಹೆಚ್ಚಾಗುತ್ತದೆ. ಈ ಹೆಚ್ಚಳವನ್ನು ಸರಿದೂಗಿಸುವ ಜೊತೆಗಾರ ಇಲ್ಲ.

ಹಲವರು ಇಲ್ಲಿ ಹೀಗೆ ವಾದಿಸುತ್ತಾರೆ: ‘0, 1, 2, 3, 4 ಎಂಬ ಐದು ಅಂಕಿಗಳು ಕೆಳಕ್ಕೆ ಹೋಗುತ್ತವೆ, 5, 6, 7, 8, 9 ಎಂಬ ಐದು ಅಂಕಿಗಳು ಮೇಲಕ್ಕೆ ಹೋಗುತ್ತವೆ. ಐದಕ್ಕೆ ಐದು ಸಮ ಆಯಿತಲ್ಲ?’ ಕೇಳಲು ಸರಿಯಾಗಿಯೇ ಇದೆ. ಆದರೆ ಸೊನ್ನೆ ಕೆಳಕ್ಕೆ ಹೋಗುವುದಿಲ್ಲ, ಇದ್ದಲ್ಲೇ ಇರುತ್ತದೆ. ಕೆಳಕ್ಕೆ ಹೋಗುವವು ನಾಲ್ಕು, ಮೇಲಕ್ಕೆ ಹೋಗುವವು ಐದು. ಹಗ್ಗಜಗ್ಗಾಟದಲ್ಲಿ ಒಂದು ಕಡೆ ನಾಲ್ವರು, ಇನ್ನೊಂದು ಕಡೆ ಐವರು ನಿಂತಂತೆ.

ಹತ್ತು ಸಂಖ್ಯೆಗಳಿಗೆ 5 ಹೆಚ್ಚು ಎಂದರೆ ಸರಾಸರಿ ಒಂದು ಸಂಖ್ಯೆಗೆ ಅರ್ಧ ಹೆಚ್ಚು. ಇದು ಚಿಕ್ಕದೇ. ಆದರೆ ಇದರ ದಿಕ್ಕು ಬದಲಾಗುವುದಿಲ್ಲ. ಅದೇ ಇಲ್ಲಿನ ತೊಡಕು.

ಪೀಣ್ಯದಲ್ಲಿ ಇನ್ನೊಂದು ನಿಯಮ

ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ಹೋದರೆ ಪೀಣ್ಯ ಕೈಗಾರಿಕಾ ಪ್ರದೇಶ ಸಿಗುತ್ತದೆ. ಲೇತ್ ಯಂತ್ರಗಳಲ್ಲಿ ಲೋಹವನ್ನು ಕಡೆದು ಬಿಡಿಭಾಗಗಳನ್ನು ಮಾಡುವ ಸಣ್ಣ ಸಣ್ಣ ಕಾರ್ಖಾನೆಗಳು ಇಲ್ಲಿ ಸಾಲುಸಾಲಾಗಿವೆ. ಇಲ್ಲಿ ತಯಾರಾದ ಪ್ರತಿಯೊಂದು ವಸ್ತುವನ್ನೂ ಅಳೆಯಬೇಕು, ಅಳತೆಯನ್ನು ಬರೆದಿಡಬೇಕು. ಬರೆಯುವಾಗ ಸಂಖ್ಯೆಯನ್ನು ಸರಿಹೊಂದಿಸಬೇಕಾಗುತ್ತದೆ.

ಐಎಸ್‌ಐ ಗುರುತನ್ನು ನೀವು ಪ್ರೆಷರ್ ಕುಕ್ಕರ್ ಮೇಲೆ, ಸಿಮೆಂಟ್ ಚೀಲದ ಮೇಲೆ ನೋಡಿರುತ್ತೀರಿ. ಆ ಗುರುತನ್ನು ಬಳಸಲು ಪರವಾನಗಿ ಕೊಡುವ ಸಂಸ್ಥೆ ಭಾರತೀಯ ಮಾನಕ ಬ್ಯೂರೋ. ಅದರ ಬೆಂಗಳೂರು ಶಾಖಾ ಕಚೇರಿ ಇರುವುದೂ ಪೀಣ್ಯದಲ್ಲೇ. ಯಾವ ವಸ್ತು ಹೇಗಿರಬೇಕು ಎಂದು ಹೇಳುವ ಸಾವಿರಾರು ಮಾನಕಗಳನ್ನು ಈ ಸಂಸ್ಥೆ ಪ್ರಕಟಿಸಿದೆ. ಪ್ರತಿ ಮಾನಕಕ್ಕೂ ಒಂದು ಸಂಖ್ಯೆ ಇದೆ. ಐಎಸ್ 1 ನಮ್ಮ ರಾಷ್ಟ್ರಧ್ವಜದ ಮಾನಕ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ತಯಾರಿಸುವವರು ಅನುಸರಿಸುವುದು ಇದನ್ನೇ. ಅದರ ಮುಂದಿನದು, ಐಎಸ್ 2, ಯಾವ ವಸ್ತುವಿನದು ಗೊತ್ತೇ? ಅದು ಯಾವ ವಸ್ತುವಿನದೂ ಅಲ್ಲ. ಅದು ಸಂಖ್ಯೆಗಳನ್ನು ಸರಿಹೊಂದಿಸುವ ನಿಯಮಗಳ ಮಾನಕ! 1960ರಲ್ಲಿ ಪರಿಷ್ಕರಣೆಗೊಂಡು ದಶಕಗಳ ಕಾಲ ಬಳಕೆಯಲ್ಲಿದ್ದ ಇದನ್ನು 2022ರಲ್ಲಿ ಮತ್ತೊಮ್ಮೆ ಪರಿಷ್ಕರಿಸಲಾಯಿತು. ಬೇರೆ ಮಾನಕಗಳ ಮುನ್ನುಡಿಯಲ್ಲಿ ‘ಪರೀಕ್ಷೆಯ ಅಂತಿಮ ಬೆಲೆಯನ್ನು ಐಎಸ್ 2ರ ಪ್ರಕಾರ ಸರಿಹೊಂದಿಸಬೇಕು’ ಎಂಬ ಅರ್ಥದ ಮಾತು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಬಿಟ್ಟುಬಿಡುವ ಅಂಕಿ 5ಕ್ಕಿಂತ ಕಡಿಮೆಯಿದ್ದರೆ ಕೆಳಕ್ಕೆ, 5ಕ್ಕಿಂತ ಹೆಚ್ಚಿದ್ದರೆ ಮೇಲಕ್ಕೆ ಎನ್ನುವುದರಲ್ಲಿ ಐಎಸ್ 2ಕ್ಕೂ ನಮ್ಮ ಶಾಲೆಯ ನಿಯಮಕ್ಕೂ ಭೇದವಿಲ್ಲ. ನಟ್ಟನಡುವಿನ ಸಂಖ್ಯೆ ಬಂದಾಗ ಮಾತ್ರ ಭೇದ. ಆಗ ಐಎಸ್ 2 ಹೇಳುವುದು ಇಷ್ಟು: ಉಳಿಯುವ ಕೊನೆಯ ಅಂಕಿ ಸಮಸಂಖ್ಯೆ ಆಗುವಂತೆ ಸರಿಹೊಂದಿಸಿ.

ಹಾಗಾದರೆ 45 ಏನಾಗುತ್ತದೆ? ಅದರ ಎರಡು ಬದಿಗೆ 40 ಮತ್ತು 50 ಇವೆ. ಹತ್ತರ ಸ್ಥಾನದ ಅಂಕಿಗಳು 4 ಮತ್ತು 5. ಇವುಗಳಲ್ಲಿ ಸಮ ಯಾವುದು? 4. ಆದ್ದರಿಂದ 45 ಎಂಬುದು 40 ಆಗುತ್ತದೆ. 35 ಕೂಡ 40 ಆಗುತ್ತದೆ, ಏಕೆಂದರೆ 3 ಬೆಸ, 4 ಸಮ. 55 ಮತ್ತು 65 ಎರಡೂ 60 ಆಗುತ್ತವೆ. ಒಂದು ಐದು ಮೇಲಕ್ಕೆ ಹೋದರೆ ಮುಂದಿನ ಐದು ಕೆಳಕ್ಕೆ ಬರುತ್ತದೆ. ಒಂಟಿಯಾಗಿದ್ದ ಐದಕ್ಕೆ ಇನ್ನೊಂದು ಐದೇ ಜೊತೆಗಾರನಾಯಿತು!

ಶಾಲೆಯ ನಿಯಮವನ್ನು ‘ಮೇಲಕ್ಕೆ’ ನಿಯಮ ಎಂದೂ, ಐಎಸ್ 2ರ ನಿಯಮವನ್ನು ‘ಸಮಸಂಖ್ಯೆಗೆ’ ನಿಯಮ ಎಂದೂ ಕರೆಯೋಣ.

ಹನ್ನೆರಡು ಸ್ಪೇಸರ್‌ಗಳ ಲೆಕ್ಕ

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಮಾಡಿ ನೋಡೋಣ. ಯಂತ್ರದ ಒಂದು ಷಾಫ್ಟಿನ ಮೇಲೆ, ಅಂದರೆ ತಿರುಗುವ ಉಕ್ಕಿನ ದಂಡದ ಮೇಲೆ, ಹನ್ನೆರಡು ಸ್ಪೇಸರ್‌ಗಳನ್ನು ಒಂದರ ಪಕ್ಕ ಒಂದರಂತೆ ಪೋಣಿಸಬೇಕು ಎಂದುಕೊಳ್ಳಿ. ಸ್ಪೇಸರ್ ಎಂದರೆ ನಡುವೆ ತೂತಿರುವ ಲೋಹದ ದಪ್ಪ ಬಿಲ್ಲೆ. ಒಂದೊಂದರ ದಪ್ಪವೂ 6 ಮಿ.ಮೀ. ಇರಬೇಕು. ಷಾಫ್ಟಿನ ಮೇಲೆ ಇರುವ ಜಾಗ 72.5 ಮಿ.ಮೀ.

ಕೆಲಸಗಾರರು ಸ್ಪೇಸರ್‌ಗಳನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯುತ್ತಾರೆ. ಈ ಕ್ಯಾಲಿಪರ್‌ನ ಲೀಸ್ಟ್ ಕೌಂಟ್, ಅಂದರೆ ಅದು ತೋರಿಸಬಲ್ಲ ಅತಿ ಚಿಕ್ಕ ಅಳತೆ, 0.05 ಮಿ.ಮೀ. ಎಂದುಕೊಳ್ಳೋಣ. ಆದರೆ ದಾಖಲೆ ಹಾಳೆಯಲ್ಲಿ ಒಂದೇ ದಶಾಂಶ ಸ್ಥಾನಕ್ಕೆ ಜಾಗವಿದೆ. ಆದ್ದರಿಂದ ಪ್ರತಿ ಅಳತೆಯನ್ನೂ ಒಂದು ದಶಾಂಶ ಸ್ಥಾನಕ್ಕೆ ಸರಿಹೊಂದಿಸಿ ಬರೆಯಬೇಕು. ಎರಡೂ ನಿಯಮಗಳಿಂದ ಬರೆದರೆ ಹೀಗಾಗುತ್ತದೆ (ಎಲ್ಲ ಅಳತೆಗಳೂ ಮಿ.ಮೀ.ಗಳಲ್ಲಿ):

| ಸ್ಪೇಸರ್ | ಕ್ಯಾಲಿಪರ್ ತೋರಿಸಿದ್ದು | ‘ಮೇಲಕ್ಕೆ’ ನಿಯಮ | ‘ಸಮಸಂಖ್ಯೆಗೆ’ ನಿಯಮ |
|---|---|---|---|
| 1 | 6.05 | 6.1 | 6.0 |
| 2 | 6.10 | 6.1 | 6.1 |
| 3 | 5.95 | 6.0 | 6.0 |
| 4 | 6.00 | 6.0 | 6.0 |
| 5 | 6.15 | 6.2 | 6.2 |
| 6 | 5.90 | 5.9 | 5.9 |
| 7 | 5.85 | 5.9 | 5.8 |
| 8 | 6.00 | 6.0 | 6.0 |
| 9 | 6.05 | 6.1 | 6.0 |
| 10 | 6.20 | 6.2 | 6.2 |
| 11 | 6.05 | 6.1 | 6.0 |
| 12 | 6.10 | 6.1 | 6.1 |
| ಮೊತ್ತ | 72.40 | 72.7 | 72.3 |

ಕ್ಯಾಲಿಪರ್ ತೋರಿಸಿದ ಅಳತೆಗಳ ಮೊತ್ತ 72.40 ಮಿ.ಮೀ. ಜಾಗ ಇರುವುದು 72.5 ಮಿ.ಮೀ. ಹನ್ನೆರಡೂ ಸ್ಪೇಸರ್‌ಗಳು ಷಾಫ್ಟಿನ ಮೇಲೆ ಕೂರುತ್ತವೆ. ಆದರೆ ‘ಮೇಲಕ್ಕೆ’ ನಿಯಮದಿಂದ ಬರೆದ ಹಾಳೆಯನ್ನು ಕೂಡಿದರೆ 72.7 ಬರುತ್ತದೆ. ಅದನ್ನು ನಂಬಿದವರು ‘ಇದು ಕೂರುವುದಿಲ್ಲ’ ಎಂದು ತೀರ್ಮಾನಿಸಿ ಒಳ್ಳೆಯ ಸ್ಪೇಸರ್ ಒಂದನ್ನು ಮತ್ತೆ ಯಂತ್ರಕ್ಕೆ ಕೊಟ್ಟು ಸವೆಸಿಬಿಡಬಹುದು. ಸವೆದ ಲೋಹ ಮರಳಿ ಬರುವುದಿಲ್ಲ.

ತಪ್ಪು ಎಲ್ಲಿಂದ ಬಂತು? ಹನ್ನೆರಡರಲ್ಲಿ ಆರು ಅಳತೆಗಳು ನಟ್ಟನಡುವಿನವು. ಆರೂ ಮೇಲಕ್ಕೆ ಹೋದವು. ಒಂದೊಂದರಲ್ಲೂ 0.05 ಹೆಚ್ಚು. ಆರು ಸಲ 0.05 ಎಂದರೆ 0.30. ಅದೇ ಹೆಚ್ಚಳ ಮೊತ್ತದಲ್ಲಿ ಕಾಣಿಸಿತು.

‘ಸಮಸಂಖ್ಯೆಗೆ’ ನಿಯಮದಲ್ಲಿ ಆರರಲ್ಲಿ ಎರಡು ಮೇಲಕ್ಕೆ, ನಾಲ್ಕು ಕೆಳಕ್ಕೆ ಹೋದವು. ಎರಡು ಜೊತೆಗಳು ಒಂದನ್ನೊಂದು ಸರಿದೂಗಿಸಿ, ಉಳಿದ ಎರಡರಿಂದ 0.10 ಕಡಿಮೆಯಾಯಿತು. ಗಮನಿಸಿ, ಈ ನಿಯಮದಲ್ಲೂ ವ್ಯತ್ಯಾಸ ಸೊನ್ನೆಯಾಗಲಿಲ್ಲ. ಸೊನ್ನೆಯಾಗುತ್ತದೆ ಎಂದು ನಿಯಮ ಭರವಸೆ ಕೊಡುವುದೂ ಇಲ್ಲ. ವ್ಯತ್ಯಾಸ ಒಂದೇ ದಿಕ್ಕಿನಲ್ಲಿ ರಾಶಿ ಬೀಳದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ.

ಸಾವಿರ ಅಳತೆಗಳಾದರೆ?

ಸ್ಪೇಸರ್‌ಗಳ ಸಂಖ್ಯೆ ಹೆಚ್ಚಿದಂತೆ ಎರಡು ನಿಯಮಗಳ ನಡುವಿನ ಅಂತರ ಇನ್ನಷ್ಟು ಸ್ಪಷ್ಟವಾಗುತ್ತದೆ. ಸಾವಿರ ಅಳತೆಗಳಿವೆ, ಅವುಗಳಲ್ಲಿ ಅರ್ಧ, ಅಂದರೆ 500, ನಟ್ಟನಡುವಿನವು ಎಂದುಕೊಳ್ಳಿ.

‘ಮೇಲಕ್ಕೆ’ ನಿಯಮದಲ್ಲಿ 500 ಸಲ 0.05 ಹೆಚ್ಚಾಗುತ್ತದೆ. ಒಟ್ಟು 25 ಮಿ.ಮೀ. ಇದರಲ್ಲಿ ಅದೃಷ್ಟದ ಮಾತೇ ಇಲ್ಲ. 25 ಮಿ.ಮೀ. ಹೆಚ್ಚಾಗಿಯೇ ಆಗುತ್ತದೆ. ಎರಡು ಸಾವಿರವಾದರೆ 50 ಮಿ.ಮೀ., ನಾಲ್ಕು ಸಾವಿರವಾದರೆ 100 ಮಿ.ಮೀ.

‘ಸಮಸಂಖ್ಯೆಗೆ’ ನಿಯಮದಲ್ಲಿ ಪ್ರತಿಯೊಂದು ನಡು ಅಳತೆಯೂ ನಾಣ್ಯ ಚಿಮ್ಮಿದಂತೆ. ಎಡಬದಿಯ ಅಂಕಿ ಬೆಸವಾದರೆ ಮೇಲಕ್ಕೆ, ಸಮವಾದರೆ ಕೆಳಕ್ಕೆ. ಅಂಕಿಗಳಲ್ಲಿ 1, 3, 5, 7, 9 ಎಂಬ ಐದು ಬೆಸ, 0, 2, 4, 6, 8 ಎಂಬ ಐದು ಸಮ. ನಾಣ್ಯವನ್ನು 500 ಸಲ ಚಿಮ್ಮಿದರೆ ಸರಿಯಾಗಿ 250 ತಲೆ, 250 ಬಾಲ ಬೀಳುವುದು ಅಪರೂಪ. ಆದರೆ ತಲೆ ಮತ್ತು ಬಾಲಗಳ ಅಂತರ ತುಂಬ ದೊಡ್ಡದೂ ಆಗುವುದಿಲ್ಲ. ಸಾಮಾನ್ಯವಾಗಿ ಅದು ಚಿಮ್ಮಿದ ಸಂಖ್ಯೆಯ ವರ್ಗಮೂಲದ ಆಸುಪಾಸಿನಲ್ಲಿರುತ್ತದೆ. 500ರ ವರ್ಗಮೂಲ ಸುಮಾರು 22. ಇಪ್ಪತ್ತೆರಡು ಸಲ 0.05 ಎಂದರೆ ಸುಮಾರು 1.1 ಮಿ.ಮೀ. ಅದೂ ಒಮ್ಮೆ ಹೆಚ್ಚಿನ ಕಡೆಗೆ, ಇನ್ನೊಮ್ಮೆ ಕಡಿಮೆಯ ಕಡೆಗೆ.

25 ಮಿ.ಮೀ. ಎಲ್ಲಿ, 1.1 ಮಿ.ಮೀ. ಎಲ್ಲಿ! ಅಳತೆಗಳು ನಾಲ್ಕು ಪಟ್ಟಾದರೆ ಮೊದಲನೆಯದು ನಾಲ್ಕು ಪಟ್ಟಾಗುತ್ತದೆ, ಎರಡನೆಯದು ಎರಡೇ ಪಟ್ಟಾಗುತ್ತದೆ.

ಸಮಸಂಖ್ಯೆಯೇ ಏಕೆ, ಬೆಸಸಂಖ್ಯೆಗೆ ಸರಿಹೊಂದಿಸಿದರೆ ಆಗದೇ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ವಾಲುವುದನ್ನು ತಪ್ಪಿಸಲು ಬೆಸಸಂಖ್ಯೆಯೂ ಆಗುತ್ತದೆ. ಸಮಸಂಖ್ಯೆಯಿಂದ ಒಂದು ಅನುಕೂಲ ಹೆಚ್ಚು. ಬಂದ ಉತ್ತರವನ್ನು ಮತ್ತೆ ಎರಡರಿಂದ ಭಾಗಿಸಬೇಕಾದರೆ ಸಮಸಂಖ್ಯೆ ಶೇಷವಿಲ್ಲದೆ ಭಾಗವಾಗುತ್ತದೆ, ಹೊಸದಾಗಿ ‘ಅರ್ಧ’ ಹುಟ್ಟುವುದಿಲ್ಲ. ಅಲ್ಲದೆ 5 ಬೆಸ ಅಂಕಿಯಾದ್ದರಿಂದ, ನಡುವಿನ ಸಂಖ್ಯೆಯನ್ನು ಸರಿಹೊಂದಿಸಿದ ಮೇಲೆ ಕೊನೆಯಲ್ಲಿ ಮತ್ತೆ 5 ಉಳಿಯುವುದಿಲ್ಲ.

ಉಪಕರಣ ನೋಡಿ, ನಿಯಮ ನೋಡಿ

ಎಲ್ಲ ಅಳತೆಗಳಲ್ಲೂ ಅರ್ಧದಷ್ಟು ನಟ್ಟನಡುವಿನವೇ ಆಗುತ್ತವೆಯೇ? ಇಲ್ಲ. ಅದು ಉಪಕರಣವನ್ನು ಅವಲಂಬಿಸಿದೆ.

0.05 ಮಿ.ಮೀ. ಲೀಸ್ಟ್ ಕೌಂಟ್‌ನ ಕ್ಯಾಲಿಪರ್‌ನಲ್ಲಿ ಎರಡನೆಯ ದಶಾಂಶ ಸ್ಥಾನದಲ್ಲಿ 0 ಅಥವಾ 5 ಮಾತ್ರ ಬರಲು ಸಾಧ್ಯ. ಆದ್ದರಿಂದಲೇ ಅರ್ಧದಷ್ಟು ಅಳತೆಗಳು ನಡುವಿನವು.

0.02 ಮಿ.ಮೀ. ಲೀಸ್ಟ್ ಕೌಂಟ್‌ನ ಕ್ಯಾಲಿಪರ್‌ಗಳೂ ಇವೆ. ಅವುಗಳಲ್ಲಿ ಕೊನೆಯ ಅಂಕಿ 0, 2, 4, 6, 8 ಮಾತ್ರ. 5 ಬರುವುದೇ ಇಲ್ಲ! 2 ಮತ್ತು 8 ಜೊತೆ, 4 ಮತ್ತು 6 ಜೊತೆ. ಇಲ್ಲಿ ಎರಡೂ ನಿಯಮಗಳು ಒಂದೇ ಉತ್ತರ ಕೊಡುತ್ತವೆ.

0.01 ಮಿ.ಮೀ. ತೋರಿಸುವ ಮೈಕ್ರೊಮೀಟರ್‌ನಲ್ಲಿ ಹತ್ತೂ ಅಂಕಿಗಳು ಬರುತ್ತವೆ. ಹತ್ತರಲ್ಲಿ ಒಂದು ಮಾತ್ರ ನಡುವಿನ ಅಳತೆ. ಸಾವಿರ ಅಳತೆಗಳಲ್ಲಿ ಸುಮಾರು 100. ‘ಮೇಲಕ್ಕೆ’ ನಿಯಮದಿಂದ ಆಗುವ ಹೆಚ್ಚಳ 25 ಮಿ.ಮೀ. ಅಲ್ಲ, ಸುಮಾರು 5 ಮಿ.ಮೀ.

ಇದರಿಂದ ತಿಳಿಯುವುದು ಏನೆಂದರೆ, ಮೂಲ ಅಳತೆ ಎಷ್ಟು ಸೂಕ್ಷ್ಮವೋ ನಡುವಿನ ಅಳತೆಗಳು ಅಷ್ಟು ವಿರಳ. ರೂಪಾಯಿ ಪೈಸೆಗಳ ಲೆಕ್ಕದಲ್ಲೂ ಹೀಗೆಯೇ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೆಯ ಕಲಮು ತೆರಿಗೆಯ ಮೊತ್ತವನ್ನು ಸಮೀಪದ ರೂಪಾಯಿಗೆ ಸರಿಹೊಂದಿಸಬೇಕು ಎನ್ನುತ್ತದೆ. 50 ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ರೂಪಾಯಿ, ಕಡಿಮೆಯಿದ್ದರೆ ಬಿಟ್ಟುಬಿಡಬೇಕು. ಇದು ‘ಮೇಲಕ್ಕೆ’ ನಿಯಮ. 0ರಿಂದ 99ರವರೆಗಿನ ಪೈಸೆಗಳೆಲ್ಲ ಸಮನಾಗಿ ಬಂದರೆ ನೂರರಲ್ಲಿ ಒಂದು ಮೊತ್ತ ಮಾತ್ರ ನಟ್ಟನಡುವಿನದು. ಸರಾಸರಿ ಹೆಚ್ಚಳ ಅರ್ಧ ಪೈಸೆ. ಒಂದು ಲಕ್ಷ ಮೊತ್ತಗಳಿಗೆ 500 ರೂಪಾಯಿ. ಕಾನೂನು ಒಂದು ನಿಯಮವನ್ನು ಹೇಳಿದ್ದಾಗ ಲೆಕ್ಕ ಬರೆಯುವವರು ಅದನ್ನೇ ಅನುಸರಿಸಬೇಕು. ಅಲ್ಲಿ ಐಎಸ್ 2 ತರುವಂತಿಲ್ಲ.

ಐದು ಕಂಡಾಗಲೆಲ್ಲ ನಡು ಅಲ್ಲ

‘ಸಮಸಂಖ್ಯೆಗೆ’ ನಿಯಮವನ್ನು ಬಳಸುವಾಗ ಸಾಮಾನ್ಯವಾಗಿ ಆಗುವ ತಪ್ಪುಗಳು ಎರಡು.

ಮೊದಲನೆಯದು, 5 ಕಂಡ ಕೂಡಲೇ ಸಮಸಂಖ್ಯೆಯನ್ನು ಹುಡುಕುವುದು. 6.25ನ್ನು ಒಂದು ದಶಾಂಶ ಸ್ಥಾನಕ್ಕೆ ತಂದರೆ 6.2 ಆಗುತ್ತದೆ, ಸರಿ. ಆದರೆ 6.251 ಏನಾಗುತ್ತದೆ? ಅದು ನಟ್ಟನಡುವಿನಿಂದ ಒಂದು ಕೂದಲೆಳೆಯಷ್ಟು ಮುಂದಿದೆ. ಅದಕ್ಕೆ 6.3 ಹತ್ತಿರ. ಆದ್ದರಿಂದ ಉತ್ತರ 6.3. 5ರ ಮುಂದೆ ಏನೂ ಇಲ್ಲದಿದ್ದರೆ ಅಥವಾ ಬರೀ ಸೊನ್ನೆಗಳಿದ್ದರೆ ಮಾತ್ರ ಸಮಸಂಖ್ಯೆಯ ಮಾತು.

ಎರಡನೆಯದು, ಹಂತ ಹಂತವಾಗಿ ಸರಿಹೊಂದಿಸುವುದು. 6.549ನ್ನು ಒಂದು ದಶಾಂಶ ಸ್ಥಾನಕ್ಕೆ ತರಬೇಕು. ನೇರವಾಗಿ ಮಾಡಿದರೆ 6.5. ಒಬ್ಬರು ಮೊದಲು ಎರಡು ಸ್ಥಾನಕ್ಕೆ ತಂದು 6.55 ಎಂದು ಬರೆದರು. ಇನ್ನೊಬ್ಬರು ಆ ಹಾಳೆಯನ್ನು ನೋಡಿ 6.6 ಎಂದು ಬರೆದರು. ಇಬ್ಬರೂ ನಿಯಮ ಪಾಲಿಸಿದ್ದಾರೆ, ಉತ್ತರ ಮಾತ್ರ ತಪ್ಪು. ಮೂಲ ಅಳತೆಯಿಂದ ಒಂದೇ ಸಲಕ್ಕೆ ಸರಿಹೊಂದಿಸಬೇಕು ಎಂದು ಐಎಸ್ 2 ಹೇಳುವುದು ಇದೇ ಕಾರಣಕ್ಕೆ.

ಈ ನಿಯಮಕ್ಕೂ ಮಿತಿ ಇದೆ

ಬೆಸ ಮತ್ತು ಸಮ ಅಂಕಿಗಳು ಹೆಚ್ಚುಕಡಿಮೆ ಸಮನಾಗಿ ಬಂದರೆ ಮಾತ್ರ ‘ಸಮಸಂಖ್ಯೆಗೆ’ ನಿಯಮ ಫಲ ಕೊಡುತ್ತದೆ. ಒಂದು ಒಳ್ಳೆಯ ಯಂತ್ರ ನೂರು ಸ್ಪೇಸರ್‌ಗಳನ್ನೂ 6.05 ಮಿ.ಮೀ. ದಪ್ಪಕ್ಕೇ ಕಡೆದುಕೊಟ್ಟಿತು ಎಂದುಕೊಳ್ಳಿ. ಆಗ ನೂರೂ 6.0 ಆಗುತ್ತವೆ. ಮೊತ್ತದಲ್ಲಿ 5 ಮಿ.ಮೀ. ಕಡಿಮೆ. ‘ಮೇಲಕ್ಕೆ’ ನಿಯಮದಲ್ಲಿ 5 ಮಿ.ಮೀ. ಹೆಚ್ಚು. ಎರಡೂ ಒಂದೇ ಗಾತ್ರದ ತಪ್ಪು. ದಾಖಲೆಯ ಹಾಳೆಯಲ್ಲಿ ಒಂದೇ ಅಳತೆ ಪದೇ ಪದೇ ಕಂಡರೆ ಈ ಅಪಾಯವನ್ನು ಶಂಕಿಸಬೇಕು.

ಆದ್ದರಿಂದ ಎಲ್ಲಕ್ಕಿಂತ ಒಳ್ಳೆಯ ಉಪಾಯ ಇದು: ಮೊದಲು ಕೂಡಿ, ಕೊನೆಗೆ ಒಂದೇ ಒಂದು ಸಲ ಸರಿಹೊಂದಿಸಿ. ನಮ್ಮ ಉದಾಹರಣೆಯಲ್ಲಿ 72.40ನ್ನು ನೇರವಾಗಿ 72.4 ಎಂದು ಬರೆದಿದ್ದರೆ ಯಾವ ನಿಯಮದ ಜಗಳವೂ ಇರುತ್ತಿರಲಿಲ್ಲ. ಆದರೆ ಬಿಡಿ ಅಳತೆಗಳನ್ನು ಮೊದಲೇ ಸರಿಹೊಂದಿಸಿ ಬರೆದಿಟ್ಟು, ಮೂಲ ಅಳತೆ ಉಳಿದಿಲ್ಲದಿದ್ದರೆ ಈ ಉಪಾಯ ನಡೆಯದು. ‘ಸಮಸಂಖ್ಯೆಗೆ’ ನಿಯಮದ ನಿಜವಾದ ಉಪಯೋಗ ಅಲ್ಲಿದೆ.

ಕಂಪ್ಯೂಟರ್‌ನದ್ದೂ ಇದೇ ಪರಿಸ್ಥಿತಿ. ಅದು ಸಂಖ್ಯೆಯನ್ನು ಇಂತಿಷ್ಟೇ ಜಾಗದಲ್ಲಿ ಇಡಬೇಕು. ಆದ್ದರಿಂದ ದಶಾಂಶ ಲೆಕ್ಕದ ಪ್ರತಿ ಹೆಜ್ಜೆಯಲ್ಲೂ ಉತ್ತರವನ್ನು ಸರಿಹೊಂದಿಸುತ್ತಿರುತ್ತದೆ. ಒಂದು ಸೆಕೆಂಡಿನಲ್ಲಿ ಕೋಟ್ಯಂತರ ಸಲ! ಅಲ್ಲಿ ಒಂದೇ ದಿಕ್ಕಿಗೆ ವಾಲಿದರೆ ಗತಿಯೇನು? ಹಾಗಾಗಿ 1985ರಲ್ಲಿ ರೂಪಿಸಿದ ಐಇಇಇ 754 ಎಂಬ ಅಂತರರಾಷ್ಟ್ರೀಯ ಮಾನಕ ‘ಸಮಸಂಖ್ಯೆಗೆ’ ನಿಯಮವನ್ನೇ ಮುಖ್ಯ ನಿಯಮವಾಗಿ ಆರಿಸಿಕೊಂಡಿತು. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಬಳಸುವ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ (ಮೂರನೆಯ ಆವೃತ್ತಿ) ಇದನ್ನು ಕಣ್ಣಾರೆ ನೋಡಬಹುದು:

```
>>> round(0.5), round(1.5), round(2.5), round(3.5)
(0, 2, 2, 4)
```

ಅದೇ ಕಂಪ್ಯೂಟರ್‌ನಲ್ಲಿ ಎಕ್ಸೆಲ್ ತೆರೆದು `=ROUND(2.5,0)` ಎಂದು ಬರೆದರೆ 3 ಬರುತ್ತದೆ. ಎಕ್ಸೆಲ್ ಶಾಲೆಯ ನಿಯಮವನ್ನು ಅನುಸರಿಸುತ್ತದೆ. ಯಂತ್ರ ಕೆಟ್ಟಿಲ್ಲ, ನಿಯಮ ಬೇರೆ. ಎರಡು ಕಡೆಯ ಮೊತ್ತಗಳು ತಾಳೆಯಾಗದಿದ್ದಾಗ ಮೊದಲು ನೋಡಬೇಕಾದ ಸಂಗತಿಗಳಲ್ಲಿ ಇದೂ ಒಂದು.

ಮಾಡಿ ನೋಡಿ

ಬೇಕಾಗುವುದು: ನಿಮ್ಮ ಶಾಲೆಯ ಕಳೆದ ವರ್ಷದ ಹಾಜರಾತಿ, ಪ್ರತಿ ದಿನದ ಒಟ್ಟು ಸಂಖ್ಯೆ.

1. ಒಂದು ಹಾಳೆಯಲ್ಲಿ ನಾಲ್ಕು ಸಾಲು ಮಾಡಿ. ಮೊದಲ ಸಾಲಿನಲ್ಲಿ ದಿನಾಂಕ, ಎರಡನೆಯದರಲ್ಲಿ ಅಂದಿನ ಹಾಜರಾತಿ ಬರೆಯಿರಿ.
2. ಮೂರನೆಯ ಸಾಲಿನಲ್ಲಿ ‘ಮೇಲಕ್ಕೆ’ ನಿಯಮದಿಂದ, ನಾಲ್ಕನೆಯದರಲ್ಲಿ ‘ಸಮಸಂಖ್ಯೆಗೆ’ ನಿಯಮದಿಂದ ಸಮೀಪದ ಹತ್ತಕ್ಕೆ ಸರಿಹೊಂದಿಸಿ ಬರೆಯಿರಿ.
3. ಮೂರು ಸಾಲುಗಳನ್ನೂ ಬೇರೆ ಬೇರೆಯಾಗಿ ಕೂಡಿ.
4. 5ರಲ್ಲಿ ಕೊನೆಯಾದ ದಿನಗಳು ಎಷ್ಟಿದ್ದವು, ಅವುಗಳಲ್ಲಿ ಎಷ್ಟು ಕೆಳಕ್ಕೆ ಹೋದವು ಎಂದು ಎಣಿಸಿ. ಆ ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ ಎರಡು ಮೊತ್ತಗಳ ನಡುವಿನ ಅಂತರ ಬರಬೇಕು. ಬಾರದಿದ್ದರೆ ಎಲ್ಲೋ ಕೂಡುವಾಗ ತಪ್ಪಾಗಿದೆ.

ಒಂದು ತಿಂಗಳ ಲೆಕ್ಕದಲ್ಲಿ ‘ಮೇಲಕ್ಕೆ’ ನಿಯಮದ ವಾಲುವಿಕೆ ಕಾಣದೇ ಹೋಗಬಹುದು. ಬೇರೆ ಅಂಕಿಗಳ ಏರಿಳಿತ ಅದನ್ನು ಮುಚ್ಚಿಬಿಡುತ್ತದೆ. ಇಡೀ ವರ್ಷದ ಲೆಕ್ಕ ಮಾಡಿ. ಕೊನೆಯ ಅಂಕಿಗಳೆಲ್ಲ ಹೆಚ್ಚುಕಡಿಮೆ ಸಮನಾಗಿ ಬಂದಿದ್ದರೆ 200 ದಿನಗಳಿಗೆ ಸುಮಾರು 100ರಷ್ಟು ಹೆಚ್ಚಳ ನಿರೀಕ್ಷಿಸಬಹುದು. ಬಿಸಿಯೂಟದಲ್ಲಿ ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ. ಆ ಲೆಕ್ಕದಲ್ಲಿ 100 ಊಟ ಎಂದರೆ 10 ಕಿಲೋ ಅಕ್ಕಿ, ಕಾಗದದ ಮೇಲೆ ಮಾತ್ರ ಇರುವ ಅಕ್ಕಿ! ಬಿಸಿಯೂಟದ ದಾಖಲೆಯಲ್ಲಿ ನಿಜವಾದ ಹಾಜರಾತಿಯನ್ನೇ ಬರೆಯಬೇಕು, ಸರಿಹೊಂದಿಸಿದ್ದನ್ನಲ್ಲ, ಎನ್ನುವುದಕ್ಕೆ ಇದೂ ಒಂದು ಕಾರಣ.

ಶಿಕ್ಷಕರ ಗಮನಕ್ಕೆ

ಪ್ರಾಥಮಿಕ ಹಂತದಲ್ಲಿ ಪಠ್ಯದ ‘ಮೇಲಕ್ಕೆ’ ನಿಯಮವನ್ನೇ ಕಲಿಸಿ, ಪರೀಕ್ಷೆಯಲ್ಲಿ ಅದನ್ನೇ ಸರಿ ಎಂದು ಪರಿಗಣಿಸಿ. ಅದು ತಪ್ಪು ನಿಯಮ ಅಲ್ಲ. ಆದರೆ 45ಕ್ಕೆ ‘50 ಹತ್ತಿರ’ ಎಂದು ಹೇಳದಿರಿ. ‘ಎರಡೂ ಸಮದೂರ, ನಾವು 50 ಎಂದು ಒಪ್ಪಿಕೊಂಡಿದ್ದೇವೆ’ ಎಂದು ಹೇಳಿ. ಇದೇ ಮಗು ಮುಂದೆ ಪ್ರಥಮ ಪಿಯುಸಿಯ ಭೌತಶಾಸ್ತ್ರ ಪುಸ್ತಕದಲ್ಲಿ 2.745 ಎಂಬುದು 2.74 ಆಗುತ್ತದೆ, 2.735 ಕೂಡ 2.74 ಆಗುತ್ತದೆ ಎಂದು ಓದುತ್ತದೆ. ಒಪ್ಪಂದ ಎಂಬ ಮಾತು ಮೊದಲೇ ತಿಳಿದಿದ್ದರೆ ಅಲ್ಲಿ ಗೊಂದಲವಾಗುವುದಿಲ್ಲ.

ಉತ್ತರಿಸಿ

1. ‘ಸಮಸಂಖ್ಯೆಗೆ’ ನಿಯಮದಿಂದ ಸಮೀಪದ ಹತ್ತಕ್ಕೆ ಸರಿಹೊಂದಿಸಿ: 15, 25, 85, 95.
2. 7.350 ಮತ್ತು 7.4501 ಇವನ್ನು ಅದೇ ನಿಯಮದಿಂದ ಒಂದು ದಶಾಂಶ ಸ್ಥಾನಕ್ಕೆ ತನ್ನಿ.
3. ಒಂದು ಡಬ್ಬಿಯಲ್ಲಿರುವ ಪೆನ್ಸಿಲ್‌ಗಳ ಉದ್ದವನ್ನು ಅರ್ಧ ಸೆಂ.ಮೀ.ವರೆಗೆ ಅಳೆದು, ‘ಮೇಲಕ್ಕೆ’ ನಿಯಮದಿಂದ ಪೂರ್ಣ ಸೆಂ.ಮೀ.ಗೆ ತರಲಾಗಿದೆ. 40 ಪೆನ್ಸಿಲ್‌ಗಳಲ್ಲಿ 20 ನಟ್ಟನಡುವಿನವು. ಮೊತ್ತ ಎಷ್ಟು ಹೆಚ್ಚಾಗಿರುತ್ತದೆ?

(ಉತ್ತರಗಳು: 1. 20, 20, 80, 100. 2. 7.4 ಮತ್ತು 7.5. 3. 10 ಸೆಂ.ಮೀ.)